ಬೇಲಿ ಮ್ಯಾಗ ಯಾರೂ ಕುಂದ್ರೂದಿಲ್ಲ



ಹೋದ ತಿಂಗಳು ಹುನಗುಂದದಾಗ ನಮ್ಮದೊಂದು ಸಣ್ಣ ಸಭೆ ಇತ್ತು. ಬಾಗಲಕೋಟೆಯಿಂದ ನಾವು ನಾಲ್ಕು ಮಂದಿ, ಇಳಕಲ್ಲಿನಿಂದ ನೇಕಾರ ಗೆಳೆಯರು, ಬಾದಾಮಿ ಕಡೆಯಿಂದ ಕೂಲಿ ಕೆಲಸದ ಅಕ್ಕಂದಿರು ಬಂದಿದ್ದರು. ಒಂದು ಹಳ್ಳಿಯಲ್ಲಿ ನಮ್ಮವರಿಗೆ ಬಹಿಷ್ಕಾರ ಹಾಕಿದ್ದರ ಬಗ್ಗೆ ಸತ್ಯಶೋಧನಾ ತಂಡ ಇಂಗ್ಲಿಷಿನಲ್ಲಿ ವರದಿ ಬರೆದಿತ್ತು. ಅಂಗಡಿಯಲ್ಲಿ ಸಾಮಾನು ಇಲ್ಲ, ಗಿರಣಿಯಲ್ಲಿ ಹಿಟ್ಟು ಬೀಸೂದಿಲ್ಲ, ಕೂಲಿಗೆ ಕರೆಯೂದಿಲ್ಲ. ನಿಮಗೆ ಗೊತ್ತಿದ್ದ ಕಥೆನೇ. ಆ ವರದಿಯನ್ನ ಕನ್ನಡ ಮಾಡೂ ಕೆಲಸ ನನ್ನ ಪಾಲಿಗೆ ಬಂತು. ಆಫೀಸು ಮುಗಿಸಿ ಬಂದು ಎಂಟು ರಾತ್ರಿ ಕೂತು ಮಾಡಿದೆ. ಅದನ್ನ ಸಭೆಯಲ್ಲಿ ನಾನೇ ಓದಿದೆ.

"ಊರಿನ ಹಿರಿಯರು ಬೇಲಿಯ ಮೇಲೆ ಕುಳಿತಿದ್ದರು" ಅಂತ ಓದಿದ್ದೇ ತಡ, ಮುಂದೆ ಕೂತಿದ್ದ ಒಬ್ಬ ಅಕ್ಕ ಕೇಳಿದರು: "ಏನ್ರಿ ಅಣ್ಣಾರ, ಬೇಲಿ ಮ್ಯಾಗ ಹೆಂಗ ಕುಂತಿದ್ರು ಅವ್ರು? ಮುಳ್ಳ ಚುಚ್ಚಲಿಲ್ಲೇನು?"

ಇಡೀ ಸಭೆ ನಕ್ಕಿತು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ನಗಬಾರದ ಜಾಗದಲ್ಲಿ ಜನ ನಕ್ಕಿದ್ದರು. ಬಹಿಷ್ಕಾರದ ದಿನ ಬಾಯಿ ಮುಚ್ಚಿಕೊಂಡು ಕೂತ ಹಿರಿಯರ ಬಗ್ಗೆ ಸಿಟ್ಟು ಬರಬೇಕಾದಲ್ಲಿ, ಜಾಲಿ ಮುಳ್ಳಿನ ಮೇಲೆ ಕೂತ ಧೋತರದ ಯಜಮಾನರು ಕಣ್ಣಮುಂದೆ ಬಂದರು. ತಪ್ಪು ನನ್ನದು. ಇಂಗ್ಲಿಷಿನಲ್ಲಿ 'ಸಿಟ್ಟಿಂಗ್ ಆನ್ ದ ಫೆನ್ಸ್' ಅಂದರೆ ಯಾವ ಕಡೆಗೂ ಸೇರದೆ ಇರೋದು. ಅಲ್ಲಿನ ಬೇಲಿ ಮರದ ಹಲಗೆಯದು, ಅದರ ಮೇಲೆ ಆರಾಮ ಕುಂದರಬಹುದು. ನಮ್ಮ ಬೇಲಿ ಮುಳ್ಳಿಂದು. ಪದ ಬಂತು, ಮಾತು ಬರಲಿಲ್ಲ.

ಮರುದಿನ ಆ ವಾಕ್ಯ ಇಟ್ಟುಕೊಂಡು ಮತ್ತೆ ಕೂತೆ. ಮೊದಲು ಬೇಲಿಯನ್ನ ಪೂರ್ತಿ ಮರೆತುಬಿಟ್ಟೆ. ನಡೆದದ್ದೇನು ಅಂತ ಸಾದಾ ಕನ್ನಡದಲ್ಲಿ ಬರಕೊಂಡೆ: "ಕೇಳಿದಾಗ ಹಿರಿಯರು ಇವರದೂ ಸರಿ, ಅವರದೂ ಸರಿ ಅಂದರು. ಯಾರ ಕಡೆ ಅಂತ ಗೊತ್ತಾಗದ ಹಾಗೆ ಮಾತಾಡಿದರು." ಆಮೇಲೆ ಬರೆದವರ ಭಾವ ಏನು ಅಂತ ನೋಡಿದೆ. ಅಲ್ಲಿ ಕನಿಕರ ಇಲ್ಲ, ಚುಚ್ಚು ಇದೆ. ಇಷ್ಟಾದ ಮೇಲೆ ಗಾದೆ ಹುಡುಕಿದೆ.

ಮೊದಲು ನೆನಪಾಗಿದ್ದು 'ಅತ್ತ ದರಿ ಇತ್ತ ಪುಲಿ'. ಅದು ಆಗೂದಿಲ್ಲ. ಆಕಡೆ ಕಂದಕ, ಈಕಡೆ ಹುಲಿ ಇರುವವನು ಪಾಪ ಸಿಕ್ಕಿಹಾಕಿಕೊಂಡವನು, ಅವನ ಮೇಲೆ ಕನಿಕರ ಬರತದ. ಈ ಹಿರಿಯರಿಗೆ ಯಾವ ಹುಲಿನೂ ಅಡ್ಡ ಬಂದಿರಲಿಲ್ಲ. ಎರಡನೆಯದು 'ಎರಡು ದೋಣಿ ಮೇಲೆ ಕಾಲು'. ಅದರಲ್ಲಿ ಎರಡೂ ಕಡೆ ಲಾಭ ಹೊಡೆಯೂ ಆಸೆ ಇದೆ, ಕೊನೆಗೆ ನೀರಿಗೆ ಬೀಳ್ತಾನ ಅನ್ನೋ ಎಚ್ಚರಿಕೆಯೂ ಇದೆ. ಇವರು ಬೀಳೂದಿಲ್ಲ. ಮೂರನೆಯದು 'ಹಾವೂ ಸಾಯಬಾರದು, ಕೋಲೂ ಮುರಿಯಬಾರದು'. ಅದು ಜಾಣತನದ ಮಾತು, ಅರ್ಧ ಹೊಗಳಿದಂಗ ಆಗತದ. ಕೊನೆಗೆ ನೆನಪಾಯ್ತು 'ಅಡ್ಡಗೋಡೆ ಮೇಲೆ ದೀಪ ಇಟ್ಟಂಗ'. ಈಕಡೆಯವರಿಗೂ ಬೆಳಕು ಅನಿಸಬೇಕು, ಆಕಡೆಯವರಿಗೂ ಅನಿಸಬೇಕು, ಯಾರಿಗೂ ಸರಿಯಾಗಿ ಕಾಣಬಾರದು. ಇದೇ ಬೇಕಾಗಿತ್ತು. "ಹಿರಿಯರು ಅಡ್ಡಗೋಡೆ ಮೇಲೆ ದೀಪ ಇಟ್ಟಂಗ ಮಾತಾಡಿದರು" ಅಂತ ಬರೆದೆ. ನಾಲ್ಕೂ ಗಾದೆ 'ನಡುವೆ ಇರೋದನ್ನ' ಹೇಳತಾವ. ಅರ್ಥ ಅಕ್ಕಪಕ್ಕದ್ದೇ, ಭಾವ ಮಾತ್ರ ಬೇರೆ ಬೇರೆ.

ಎರಡನೇ ವಾಕ್ಯ ಅಧಿಕಾರಿಗಳದು. ದೂರನ್ನ 'ಕಾರ್ಪೆಟ್ ಕೆಳಗೆ ಗುಡಿಸಿದರು' ಅಂತ ಇಂಗ್ಲಿಷ್ ವರದಿಯಲ್ಲಿತ್ತು. ನಾನು 'ಕಂಬಳಿ ಕೆಳಗೆ' ಅಂತ ಮಾಡಿದ್ದೆ. ನಮ್ಮ ಮನೆಯಾಗ ಕಸ ಗುಡಿಸೂ ಮುಂದ ಕಂಬಳಿ ಮಡಚಿ ಇಡ್ತಾರ, ಅದರ ಕೆಳಗೆ ಯಾರು ಗುಡಿಸ್ತಾರ? ಇದಕ್ಕೆ ನಮ್ಮಲ್ಲಿ ಸಿದ್ಧ ಮಾತಿದೆ: ತಿಪ್ಪೆ ಸಾರಿಸೋದು. ಆದರೆ ಎರಡಕ್ಕೂ ಒಂದು ಸಣ್ಣ ಅಂತರ ಇದೆ. ಕಾರ್ಪೆಟ್ ಕೆಳಗೆ ತಳ್ಳಿದರೆ ಕಸ ಕಾಣೂದಿಲ್ಲ. ತಿಪ್ಪೆ ಸಾರಿಸಿದರೆ ತಿಪ್ಪೆ ಕಾಣ್ತದ, ಅಂಗಳದಂಗ ಚೊಕ್ಕ ಕಾಣ್ತದ. ಹಂಗಾಗಿ ಯಾವುದು ನಡೀತು ಅಂತ ವರದಿಯ ಒಳಗೇ ನೋಡಬೇಕಾಯ್ತು. ಅಲ್ಲಿ ಶಾಂತಿ ಸಭೆ ಕರೆದು, ಎಲ್ಲರ ಸಹಿ ತಗೊಂಡು, ಊರಲ್ಲಿ ಸೌಹಾರ್ದ ಇದೆ ಅಂತ ಬರೆದು ಕಳಿಸಿದ್ದರು. ಅದು ತಿಪ್ಪೆ ಸಾರಿಸಿದ್ದೇ. ದೂರಿನ ಕಾಗದ ಕಡತದಾಗ ಹೂತು ಹೋಗಿದ್ದರೆ ನಾನು ಗಾದೆಗೆ ಹೋಗತಿರಲಿಲ್ಲ, 'ಮುಚ್ಚಿಹಾಕಿದರು' ಅಂತ ಬರೆದು ಬಿಡತಿದ್ದೆ. ಗುಮಾಸ್ತನಾಗಿ ಎರಡೂ ನೋಡೀನಿ.

ಎಲ್ಲಾ ಕಡೆ ಹಿಂಗ ಬದಲಿ ಹಾಕಬಾರದು ಅನ್ನೋದೂ ಇದೇ ತಿಪ್ಪೆಯಿಂದ ತಿಳೀತು. ಬಾಬಾಸಾಹೇಬರು ಹಿಂದೂ ಕೋಡ್ ಬಿಲ್ ವಿಷಯವಾಗಿ 1951ರಲ್ಲಿ ಮಂತ್ರಿ ಪದವಿ ಬಿಟ್ಟಾಗ ಕೊಟ್ಟ ಹೇಳಿಕೆಯಲ್ಲಿ ಒಂದು ಚಿತ್ರ ಬರತದ. ಸಮಾಜದ ಒಳಗಿನ ಅಸಮಾನತೆ ಮುಟ್ಟದೆ ಬರೀ ಆರ್ಥಿಕ ಕಾನೂನು ಮಾಡ್ತಾ ಹೋಗೋದನ್ನ ಅವರು ತಿಪ್ಪೆ ಮೇಲೆ ಅರಮನೆ ಕಟ್ಟೋದಕ್ಕೆ ಹೋಲಿಸಿದರು. ಅಲ್ಲಿ ನಾನು ಜಾಣನಾಗಿ 'ಮರಳಿನ ಮೇಲೆ ಮನೆ' ಅಂತ ಹಾಕಿದರೆ ನಾರೋ ತಿಪ್ಪೆ ಹೋಗಿ ಬರೀ ಮರಳು ಉಳೀತದ. ಮರಳು ಕುಸಿಯೂ ಮಾತು ಹೇಳತದ, ಹೊಲಸಿನ ಮಾತು ಹೇಳೂದಿಲ್ಲ. ಎಲ್ಲರ ಬಾಯಲ್ಲಿ ಸವೆದ ಮಾತಿಗೆ ನಮ್ಮ ಸವೆದ ಮಾತು ಹಾಕಬಹುದು. ಬರೆದವರೇ ಕಟ್ಟಿದ ಚಿತ್ರವನ್ನ ಹಂಗೇ ತರಬೇಕು. ಯಾವುದು ಯಾವುದು ಅಂತ ಅನುಮಾನ ಬಂದರೆ ಇಂಗ್ಲಿಷ್ ನಿಘಂಟು ತೆಗೀರಿ. 'ಫೆನ್ಸ್' ಪದದ ಕೆಳಗೆ ಕುಂದರೂ ಮಾತು ಸಿಗತದ. ಅಂದರೆ ಅದು ಸವೆದದ್ದು.

ಈಗ ಮೂರನೇ ವಾಕ್ಯ. ಇದಕ್ಕಾಗಿಯೇ ಈ ಪೋಸ್ಟ್ ಬರೀತಿದ್ದೀನಿ.

ತಂಡದವರು ಕೇಳಿದಾಗ ಒಬ್ಬ ಅಧಿಕಾರಿ ಹೇಳಿದ್ದು: ಎಲ್ಲ ಇಲಾಖೆಯಲ್ಲೂ ಒಂದೊಂದು 'ಬ್ಲ್ಯಾಕ್ ಶೀಪ್' ಇರತಾವೆ. ನಾನು 'ಕರಿ ಕುರಿ' ಅಂತ ಬರೆದಿದ್ದೆ. ಬಿಳಿ ಉಣ್ಣೆಗೆ ಬೇಕಾದ ಬಣ್ಣ ಹಾಕಬಹುದು, ಕರಿ ಉಣ್ಣೆಗೆ ಹಾಕೋಕೆ ಬರೂದಿಲ್ಲ, ಅದಕ್ಕೇ ಅಲ್ಲಿ ಕರಿ ಕುರಿಗೆ ಬೆಲೆ ಕಮ್ಮಿ ಇತ್ತಂತೆ. ನಮ್ಮ ಸೀಮೆಯ ದಖನಿ ಕುರಿಗಳೇ ಹೆಚ್ಚಾಗಿ ಕರಿ, ನಾವು ಹೊದೆಯೂ ಕಂಬಳಿನೂ ಕರಿ. ನಮ್ಮ ಕುರಿಗಾರರಿಗೆ ಕರಿ ಕುರಿ ಅಂದರೆ ಸರಿಯಾದ ಕುರಿ. ಮತ್ತೆ ಕರಿ ಬಣ್ಣವನ್ನೇ ಕೆಟ್ಟದ್ದು ಅಂತ ಬರೆಯೋಕೆ ನನಗೇನು ಹುಚ್ಚೇ?

ಆಗ ಒಬ್ಬ ಹಿರಿಯ ಸಾಹಿತ್ಯಾಭ್ಯಾಸಿಗಳಿಗೆ ಫೋನ್ ಮಾಡಿದೆ. ತಡವರಿಸದೆ ಹೇಳಿದರು: "ಅದಕ್ಕ ನಮ್ಮಲ್ಲಿ ಗಾದೆ ಐತೆಲ್ಲೋ ತಮ್ಮಾ. ಊರಿದ್ದಲ್ಲಿ ಹೊಲಗೇರಿ." ಹೇಳಿದ ಮೇಲೆ ಯಾರಿಗೆ ಹೇಳಿದೆ ಅಂತ ನೆನಪಾಗಿ ಸುಮ್ಮನಾದರು. ಕೆಟ್ಟ ಮನುಷ್ಯರಲ್ಲ. ನಾಲಿಗೆ ತುದಿಯಲ್ಲಿ ಇದ್ದದ್ದು ಅದೇ.

2023ರ ಆಗಸ್ಟ್ ನೆನಪು ಮಾಡಿಕೊಳ್ಳಿ. ನಟ ಉಪೇಂದ್ರ ಅವರು ತಮ್ಮ ಪಕ್ಷದ ವಾರ್ಷಿಕೋತ್ಸವದ ಲೈವ್‌ನಲ್ಲಿ, ಟೀಕೆ ಮಾಡೋರು ಎಲ್ಲ ಕಡೆ ಇದ್ದೇ ಇರತಾರೆ ಅನ್ನೋ ಅರ್ಥದಲ್ಲಿ ಇದೇ ಗಾದೆ ಬಳಸಿದರು. ರಾಜ್ಯದ ತುಂಬ ಪ್ರತಿಭಟನೆ ಆಯ್ತು, ದೌರ್ಜನ್ಯ ತಡೆ ಕಾಯ್ದೆಯಡಿ ಎಫ್‌ಐಆರ್ ಆಯ್ತು. ಅವರು ವಿಡಿಯೋ ತೆಗೆದು ಕ್ಷಮೆ ಕೇಳಿದರು, ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಆಗ ಬಹಳ ಜನ ಅಂದರು: "ಅದು ಗಾದೆ, ಬೈಗುಳ ಅಲ್ಲ." ನಾನು ಅನ್ನೋದು, ಅದು ಗಾದೆ ಆಗಿರೋದೇ ತೊಂದರೆ. ಒಬ್ಬ ಬೈದರೆ ಬೈದವನ ಹೆಸರು ಇರತದ. ಗಾದೆಯಲ್ಲಿ ಊರೇ ಬೈತದ, ಯಾರ ಹೆಸರೂ ಇರೂದಿಲ್ಲ.

ಲೆಕ್ಕ ಹಾಕಿದರೆ ಆ ಗಾದೆ 'ಬ್ಲ್ಯಾಕ್ ಶೀಪ್'ಗೆ ಬರೋಬ್ಬರಿ ಕೂಡತದ. ಅದೇ ಭಾವ, ಅದೇ ಉದಾಸೀನ. ಹಂಗಾಗಿ ಭಾವ ಕೂಡಿದರೆ ಸಾಕು ಅನ್ನೋ ನಿಯಮ ಸಾಲೂದಿಲ್ಲ. ಈ ಗಾದೆಯ ಪೆಟ್ಟು ಯಾರ ಬೆನ್ನಿಗೆ ಬೀಳತದ ಅಂತಲೂ ನೋಡಬೇಕು. ಆ ಅಧಿಕಾರಿ ಇಂಗ್ಲಿಷಿನಲ್ಲಿ ಯಾವ ಕೇರಿಯ ಹೆಸರೂ ಎತ್ತಿರಲಿಲ್ಲ. ಅವರ ಬಾಯಿಗೆ ನಾನು ಆ ಮಾತು ತುರುಕಿದರೆ ಅವರಿಗೂ ಅನ್ಯಾಯ. ಕೊನೆಗೆ ಬರೆದದ್ದು: "ಕೈಯಾಗಿನ ಐದೂ ಬೆರಳು ಸಮ ಇರತಾವೇನ್ರಿ?" ಒಂದಿಷ್ಟು ಮೆತ್ತಗಾಯ್ತು, ಒಪ್ಪುತೀನಿ. ಆದರೆ ಅಧಿಕಾರಿ ಹೆಗಲು ಕುಣಿಸಿ ಜಾರಿಕೊಂಡದ್ದು ಅದರಲ್ಲಿ ಕೇಳಸ್ತದ.

ತಿರುವಿ ಮಾಡುವಾಗ ಇನ್ನೂ ಹುಷಾರಿರಬೇಕು. ನಾಳೆ ಯಾರಾದರೂ ನಮ್ಮವರ ಎದುರಿಗೆ ಆ ಹೊಲಗೇರಿ ಗಾದೆ ಅಂದರೆ, ನೀವು ದೆಹಲಿಗೆ ಇಂಗ್ಲಿಷಿನಲ್ಲಿ ದೂರು ಬರೆಯುವಾಗ ದಯವಿಟ್ಟು ಅದನ್ನ 'ಬ್ಲ್ಯಾಕ್ ಶೀಪ್' ಮಾಡಬೇಡಿ. ಚಂದದ ಅನುವಾದ ಆಗತದ, ಅಪರಾಧವೇ ಮಾಯ ಆಗತದ. ಅಲ್ಲಿ ಪದಕ್ಕೆ ಪದ ಇಡಬೇಕು. ಆಡಿದ ಕನ್ನಡ ಹಂಗೇ ಬರೆದು, ಕೆಳಗೆ ಅರ್ಥ ಬಿಡಿಸಿ ಹೇಳಬೇಕು. ಸಾಕ್ಷಿಯ ಮಾತನ್ನ ಚಂದ ಮಾಡೋ ಹಕ್ಕು ನಮಗಿಲ್ಲ.

ಬರೀ ಅವರಿಗೆ ಬುದ್ಧಿ ಹೇಳಿ ಮುಗಿಸಿದರೆ ನಾನೂ ತಿಪ್ಪೆ ಸಾರಿಸಿದಂಗ. ಅದೇ ವರದಿಯಲ್ಲಿ 'ಸುಮ್ಮನೆ ಸಹಿಸೂದಿಲ್ಲ' ಅನ್ನೋ ಅರ್ಥದ ಒಂದು ಮಾತಿಗೆ ನಾನು "ನಾವೇನು ಕೈಗೆ ಬಳೆ ತೊಟ್ಟುಕೊಂಡು ಕುಂತಿಲ್ಲ" ಅಂತ ಹಾಕಿದ್ದೆ. ಇಪ್ಪತ್ತು ವರ್ಷದಿಂದ ವೇದಿಕೆ ಮೇಲೆ ಇದೇ ಮಾತು ಹೇಳೀನಿ, ಚಪ್ಪಾಳೆ ತಗೊಂಡೀನಿ. ಇಳಕಲ್ಲಿನ ಒಬ್ಬ ತಂಗಿ ಕರಡು ಓದಿ ಕೇಳಿದಳು: "ಅಣ್ಣಾ, ಆ ಊರಾಗ ಪೊಲೀಸ್ ಠಾಣೆಗೆ ಮೊದಲು ಹೋದವರು ಯಾರು?" ಬಳೆ ತೊಟ್ಟ ಮೂರು ಮಂದಿ ಹೆಣ್ಣುಮಕ್ಕಳು. ಆ ಸಾಲು ಹೊಡೆದು ಹಾಕಿದೆ. ಅದಕ್ಕೆ ತಕ್ಕ ಗಾದೆ ಸಿಗಲಿಲ್ಲ. "ನಾವು ಸುಮ್ಮನಿರೂದಿಲ್ಲ" ಅಂತ ಬರೆದೆ. ಒಳ್ಳೆ ಗಾದೆ ಸಿಗದಿದ್ದಾಗ ಸಾದಾ ಮಾತೇ ಸಾಕು.

ಹೋದ ಭಾನುವಾರ ತಿದ್ದಿದ್ದನ್ನ ಇಳಕಲ್ಲಿನಾಗ ಓದಿದೆ. ಹುನಗುಂದದ ಆ ಅಕ್ಕನೂ ಬಂದಿದ್ದರು. 'ಅಡ್ಡಗೋಡೆ ಮೇಲೆ ದೀಪ' ಬಂದಾಗ ಈ ಸಲ ಯಾರೂ ನಗಲಿಲ್ಲ. ಅಕ್ಕ ಮಾತ್ರ ಹಲ್ಲು ಕಚ್ಚಿ ಅಂದರು: "ಹೌದ್ರಿ, ನಮ್ಮೂರಾಗೂ ಹಂಗ ಅದಾರ."

ನಿಮ್ಮ ಊರ ಕಡೆ 'ಬ್ಲ್ಯಾಕ್ ಶೀಪ್'ಗೆ, ಯಾರ ಬೆನ್ನಿಗೂ ಪೆಟ್ಟು ಬೀಳದ, ಇನ್ನೂ ಖಾರ ಇರೋ ಮಾತು ಇದ್ದರೆ ಕೆಳಗೆ ಬರೀರಿ. ಐದು ಬೆರಳು ನನಗಿನ್ನೂ ಪೂರ್ತಿ ಸಮಾಧಾನ ಕೊಟ್ಟಿಲ್ಲ.

ಜೈಭೀಮ್.