ಕಂಪನಿಯ ಸಾಲದಲ್ಲಿ ಖಜಾನೆಯದ್ದೂ ಒಂದು ಪಾಲು

ಕಂಪನಿಯೊಂದು ಬ್ಯಾಂಕಿಗೆ ಬಡ್ಡಿ ಕಟ್ಟಿದರೆ ಅದು ಖರ್ಚು. ಷೇರುದಾರರಿಗೆ ಡಿವಿಡೆಂಡ್ ಕೊಟ್ಟರೆ ಅದು ಖರ್ಚಲ್ಲ, ತೆರಿಗೆ ಕಟ್ಟಿದ ಮೇಲೆ ಉಳಿದ ಲಾಭದ ಹಂಚಿಕೆ. ನಮ್ಮ ಆದಾಯ ತೆರಿಗೆ ಕಾನೂನು ಮಾಡುವ ಈ ವ್ಯತ್ಯಾಸದಿಂದಾಗಿ, ಸಾಲ ಇರುವ ಕಂಪನಿ ಸಾಲ ಇಲ್ಲದ ಕಂಪನಿಗಿಂತ ಹೆಚ್ಚು ಬೆಲೆಬಾಳಬಹುದು.

ಲೆಕ್ಕ ಹಾಕಿ ನೋಡೋಣ. ಎರಡು ಕಂಪನಿಗಳಿವೆ. ಬಡ್ಡಿ ಮತ್ತು ತೆರಿಗೆ ಕಳೆಯುವ ಮುಂಚೆ ಎರಡಕ್ಕೂ ವರ್ಷಕ್ಕೆ 10 ಕೋಟಿ ಲಾಭ. ತೆರಿಗೆ ಶೇ 25 ಅಂದುಕೊಳ್ಳಿ. ಸಾಲ ಇಲ್ಲದ ಮೊದಲ ಕಂಪನಿ 2.5 ಕೋಟಿ ತೆರಿಗೆ ಕಟ್ಟುತ್ತೆ, ಮಾಲೀಕರಿಗೆ 7.5 ಕೋಟಿ ಉಳಿಯುತ್ತೆ. ಎರಡನೆಯದಕ್ಕೆ ಶೇ 10ರ ಬಡ್ಡಿಯಲ್ಲಿ 40 ಕೋಟಿ ಸಾಲ ಇದೆ. 4 ಕೋಟಿ ಬಡ್ಡಿ ಕಳೆದು ಉಳಿದ 6 ಕೋಟಿಗಷ್ಟೇ ತೆರಿಗೆ, ಅಂದರೆ 1.5 ಕೋಟಿ. ಬ್ಯಾಂಕಿಗೆ 4, ಮಾಲೀಕರಿಗೆ 4.5, ಒಟ್ಟು 8.5 ಕೋಟಿ. ಈ ಹೆಚ್ಚುವರಿ 1 ಕೋಟಿ ಎಲ್ಲಿಂದ ಬಂತು? ಕಾರ್ಖಾನೆಯಲ್ಲಿ ಒಂದು ಬೋಲ್ಟೂ ಜಾಸ್ತಿ ತಯಾರಾಗಿಲ್ಲ. ಅದು ಖಜಾನೆಗೆ ಹೋಗಬೇಕಿದ್ದ ದುಡ್ಡು. ಇದನ್ನೇ ಬಡ್ಡಿಯ ತೆರಿಗೆ ರಕ್ಷೆ ಅಂತಾರೆ. ಸಾಲ ಹೀಗೇ ಮುಂದುವರಿದರೆ ಪ್ರತಿ ವರ್ಷ 1 ಕೋಟಿ ಉಳಿತಾಯ. ಶೇ 10ರ ದರದಲ್ಲಿ ಅದರ ಇವತ್ತಿನ ಬೆಲೆ 10 ಕೋಟಿ. ಅಷ್ಟರಮಟ್ಟಿಗೆ ಕಂಪನಿಯ ಮೌಲ್ಯ ಹೆಚ್ಚುತ್ತೆ ಅಂತ ಮೋದಿಗ್ಲಿಯಾನಿ ಮತ್ತು ಮಿಲ್ಲರ್ ಎಂಬ ಅರ್ಥಶಾಸ್ತ್ರಜ್ಞರು 1963ರಲ್ಲೇ ತೋರಿಸಿದ್ದರು.

2019ರ ಸೆಪ್ಟೆಂಬರಿನ ಕಾರ್ಪೊರೇಟ್ ತೆರಿಗೆ ಕಡಿತ ನೆನಪಿದೆಯಾ? ಆಗ ನಡೆದ ಚರ್ಚೆಯಲ್ಲಿ ಈ ವಿಷಯ ಅಷ್ಟಾಗಿ ಬರಲಿಲ್ಲ. ಸೆಸ್, ಸರ್‌ಚಾರ್ಜ್ ಸೇರಿ ಸುಮಾರು ಶೇ 35 ಕಟ್ಟುತ್ತಿದ್ದ ದೊಡ್ಡ ಕಂಪನಿ ಹೊಸ ದರ ಆರಿಸಿಕೊಂಡರೆ ಸುಮಾರು ಶೇ 25 ಕಟ್ಟಿದರೆ ಸಾಕು. ಅಂದರೆ ಅದು ಕಟ್ಟುವ ಒಂದು ರೂಪಾಯಿ ಬಡ್ಡಿಯಲ್ಲಿ 35 ಪೈಸೆ ಹೊರುತ್ತಿದ್ದ ಖಜಾನೆ ಈಗ 25 ಪೈಸೆ ಹೊರುತ್ತೆ. ಸಾಲದ ಮೇಲಿನ ಈ ಗುಪ್ತ ಸಬ್ಸಿಡಿ ಕಡಿಮೆಯಾಯಿತು ಅನ್ನೋದು ನನ್ನ ಪ್ರಕಾರ ಆ ಕಡಿತದ ಒಂದು ಒಳ್ಳೆಯ ಫಲ.

ಹಾಗಾದರೆ ಎಲ್ಲ ಕಂಪನಿಗಳೂ ಕುತ್ತಿಗೆವರೆಗೆ ಸಾಲ ಯಾಕೆ ಮಾಡಲ್ಲ? ಯಾಕಂದ್ರೆ ಲಾಭ ಇದ್ದರೆ ಮಾತ್ರ ಈ ರಕ್ಷೆ. ನಮ್ಮ ಎರಡನೇ ಕಂಪನಿಯ ಲಾಭ 10ರಿಂದ 3 ಕೋಟಿಗೆ ಇಳಿಯಿತು ಅನ್ನಿ. ಬಡ್ಡಿ ಮಾತ್ರ ಅದೇ 4 ಕೋಟಿ. ಆ ವರ್ಷದ ತೆರಿಗೆ ಉಳಿತಾಯ 75 ಲಕ್ಷಕ್ಕೆ ನಿಲ್ಲುತ್ತೆ, ಮೇಲಿಂದ 1 ಕೋಟಿ ಕೊರತೆ. ಸಾಲ ಏರಿದ ಹಾಗೆ ಇಂಥ ವರ್ಷ ಬರುವ ಸಾಧ್ಯತೆಯೂ ಏರುತ್ತೆ, ಬ್ಯಾಂಕು ಬಡ್ಡಿದರ ಏರಿಸುತ್ತೆ. ಇನ್ನೊಂದು ರೂಪಾಯಿ ಸಾಲದಿಂದ ಉಳಿಯುವ ತೆರಿಗೆಗಿಂತ ಈ ಅಪಾಯದ ಖರ್ಚು ಜಾಸ್ತಿಯಾಗುವ ಜಾಗವೇ ಮಿತಿ.

ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಈ ಮಿತಿಯ ಆಚೆಗೇ ಇತ್ತು. ಅದು ಒಂದು ವರ್ಷವೂ ಲಾಭ ಮಾಡಲಿಲ್ಲ, ಹಾಗಾಗಿ ಬಡ್ಡಿಯಿಂದ ಉಳಿಸಲು ತೆರಿಗೆಯೇ ಇರಲಿಲ್ಲ. ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ಯಬಹುದು ನಿಜ, ಆದರೆ ಮುಂದೆಯೂ ಲಾಭ ಬರದಿದ್ದರೆ ಅದು ಬರೀ ಕಾಗದದ ಮೇಲಿನ ಅಂಕಿ. ತೈಲ ಕಂಪನಿಗಳು ನಗದು ಕೇಳಿದವು, ಬಾಡಿಗೆ ವಿಮಾನಗಳು ಮಾಲೀಕರಿಗೆ ವಾಪಸ್ ಹೋದವು, ತಿಂಗಳುಗಟ್ಟಲೆ ಸಂಬಳ ಸಿಗದ ಸಿಬ್ಬಂದಿ ಕೆಲಸ ನಿಲ್ಲಿಸಿದರು. 2012ರ ಅಕ್ಟೋಬರಿನಲ್ಲಿ ಹಾರಾಟ ನಿಂತಾಗ ಸಾಲ ಕೊಟ್ಟಿದ್ದ ಬ್ಯಾಂಕುಗಳಲ್ಲಿ ಬಹುಪಾಲು ಸರ್ಕಾರಿ ಬ್ಯಾಂಕುಗಳೇ.