ರಿಮೋಟ್ ಸಾಫ್ಟ್‌ವೇರ್‌ಗೆ ಬೀಗ ಹಾಕುವವರು ಯಾರು?

ನವಿ ಮುಂಬೈ: ಕೋಪರಖೈರಣೆ, ಮಹಾಪೆ ಭಾಗದ ಸಣ್ಣ ಕಚೇರಿಗಳಲ್ಲಿ ಕಂಪ್ಯೂಟರ್ ಕೆಟ್ಟರೆ ತಂತ್ರಜ್ಞರು ಬರುವುದಕ್ಕಿಂತ ದೂರದಿಂದಲೇ ಸರಿಪಡಿಸುವುದು ಈಗ ಸಾಮಾನ್ಯ. ಅದಕ್ಕೆ ಬಳಸುವ ರಿಮೋಟ್ ಸಾಫ್ಟ್‌ವೇರ್‌ನಲ್ಲೇ ಲೋಪವಿದ್ದರೆ ಏನಾಗುತ್ತದೆ? 2024ರ ಫೆಬ್ರವರಿಯ ಸ್ಕ್ರೀನ್‌ಕನೆಕ್ಟ್ ಪ್ರಕರಣದಲ್ಲಿ ಇದಕ್ಕೆ ಉತ್ತರವಿದೆ.

ಅಮೆರಿಕದ ಕನೆಕ್ಟ್‌ವೈಸ್ ಕಂಪನಿಯ ಈ ಸಾಫ್ಟ್‌ವೇರ್ ಅನ್ನು ಮೊದಲ ಬಾರಿ ಅಳವಡಿಸುವಾಗ SetupWizard.aspx ಎಂಬ ಪುಟ ತೆರೆದುಕೊಳ್ಳುತ್ತದೆ. ಅಡ್ಮಿನ್ ಖಾತೆ ಸೃಷ್ಟಿಯಾಗುವುದು ಅಲ್ಲೇ. ಕೆಲಸ ಮುಗಿದ ಮೇಲೆ ಆ ಪುಟ ಮುಚ್ಚಿರಬೇಕು. ಆದರೆ ವಿಳಾಸದ ಕೊನೆಗೆ ಒಂದು ಓರೆಗೆರೆ ಸೇರಿಸಿದರೆ ಸಾಕು, ಅದು ಮತ್ತೆ ತೆರೆಯುತ್ತಿತ್ತು. ಪಾಸ್‌ವರ್ಡ್ ಇಲ್ಲದೆಯೇ ಹೊರಗಿನವರು ಹೊಸ ಅಡ್ಮಿನ್ ಆಗಬಹುದಿತ್ತು. ಸರ್ವರ್ ಕೈಸೇರಿದರೆ ಅದಕ್ಕೆ ಜೋಡಿಸಿದ ಗ್ರಾಹಕರ ಎಲ್ಲ ಕಂಪ್ಯೂಟರ್‌ಗಳೂ ಕೈಸೇರಿದಂತೆಯೇ. CVE-2024-1709 ಸಂಖ್ಯೆಯ ಈ ಲೋಪಕ್ಕೆ ತೀವ್ರತೆಯಲ್ಲಿ 10ಕ್ಕೆ 10 ಅಂಕ ಸಿಕ್ಕಿತು.

ಫೆ.13ರಂದು ಕಂಪನಿಗೆ ಮಾಹಿತಿ ಬಂತು. ಫೆ.19ರಂದು 23.9.8 ಆವೃತ್ತಿಯ ಜೊತೆಗೆ ಭದ್ರತಾ ಪ್ರಕಟಣೆ ಹೊರಬಿತ್ತು. ಎರಡೇ ದಿನಗಳಲ್ಲಿ ದಾಳಿಯ ವಿಧಾನ ಬಹಿರಂಗವಾಯಿತು. ಫೆ.22ರಂದು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಇದನ್ನು ದಾಳಿಗೆ ಬಳಕೆಯಾಗುತ್ತಿರುವ ಲೋಪಗಳ ಪಟ್ಟಿಗೆ ಸೇರಿಸಿತು. ತಿಂಗಳಿಗೊಮ್ಮೆ ಅಪ್‌ಡೇಟ್ ಮಾಡುವ ರೂಢಿ ಇಲ್ಲಿ ನಿಷ್ಪ್ರಯೋಜಕ.

ಕಂಪನಿಯ ಕ್ಲೌಡ್‌ನಲ್ಲಿದ್ದ ಸರ್ವರ್‌ಗಳನ್ನು ಕಂಪನಿಯೇ ಸರಿಪಡಿಸಿತು. ಸ್ವಂತ ಸರ್ವರ್‌ನಲ್ಲಿ ನಡೆಸುತ್ತಿದ್ದವರು ಪ್ರಕಟಣೆ ಓದಿ ತಾವೇ ಹೊಸ ಆವೃತ್ತಿ ಹಾಕಿಕೊಳ್ಳಬೇಕಿತ್ತು. ನಿರ್ವಹಣಾ ಒಪ್ಪಂದ ಮುಗಿದವರಿಗೂ ಕಂಪನಿ ಸುರಕ್ಷಿತ ಆವೃತ್ತಿಯೊಂದನ್ನು ಉಚಿತವಾಗಿ ಕೊಟ್ಟಿತು. ಆದರೂ ಪ್ರಕಟಣೆ ಕಣ್ಣಿಗೆ ಬೀಳದವರಿಗೆ ಅದರಿಂದ ಲಾಭವಾಗಲಿಲ್ಲ.

ಇನ್ನೊಂದು ಅಂಶ ಮುಖ್ಯ. ಪ್ಯಾಚ್ ಬಾಗಿಲನ್ನು ಮುಚ್ಚುತ್ತದೆಯೇ ಹೊರತು ಅದಾಗಲೇ ಒಳಹೊಕ್ಕವರನ್ನು ಹೊರಹಾಕುವುದಿಲ್ಲ. ಈ ದಾಳಿ ನಡೆದಿದ್ದರೆ ಬಳಕೆದಾರರ ವಿವರವಿರುವ User.xml ಕಡತ ಹೊಸದಾಗಿ ಬರೆಯಲ್ಪಟ್ಟಿರುತ್ತದೆ. ಹಳೆಯ ಹೆಸರುಗಳು ಮಾಯವಾಗಿ ಅಪರಿಚಿತ ಹೆಸರೊಂದೇ ಉಳಿದಿರುತ್ತದೆ. ಸಿಬ್ಬಂದಿಗೆ ಏಕಾಏಕಿ ಲಾಗಿನ್ ಆಗದಿದ್ದರೆ ‘ಪಾಸ್‌ವರ್ಡ್ ಮರೆತಿರಬೇಕು’ ಎಂದು ಸುಮ್ಮನಾಗಬಾರದು. ಆ ಕಡತ ಬದಲಾದ ದಿನಾಂಕ ನೋಡಬೇಕು. ಅಪ್‌ಡೇಟ್‌ಗೆ ಮುಂಚೆಯೇ ಅದು ಬದಲಾಗಿದ್ದರೆ ಸರ್ವರ್ ಅನ್ನು ಜಾಲದಿಂದ ಬೇರ್ಪಡಿಸಿ ಗ್ರಾಹಕರ ಕಂಪ್ಯೂಟರ್‌ಗಳನ್ನೂ ಪರೀಕ್ಷಿಸಬೇಕಾಗುತ್ತದೆ. ಭಾರತದಲ್ಲಿ 2022ರ ಏಪ್ರಿಲ್ ನಿರ್ದೇಶನದ ಪ್ರಕಾರ ಇಂಥ ಘಟನೆಯನ್ನು ಗೊತ್ತಾದ ಆರು ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸುವುದು ಕಡ್ಡಾಯ.

ಹೀಗಾಗಿ ಕಂಪ್ಯೂಟರ್ ನಿರ್ವಹಣೆಯನ್ನು ಹೊರಗಿನವರಿಗೆ ವಹಿಸಿದ ಕಚೇರಿ ಮಾಲೀಕರು ಮೂರು ಪ್ರಶ್ನೆ ಕೇಳಬೇಕು. ನಮ್ಮ ಯಂತ್ರಗಳಿಗೆ ಬರಲು ಯಾವ ಸಾಫ್ಟ್‌ವೇರ್ ಬಳಸುತ್ತೀರಿ? ಅದರ ಸರ್ವರ್ ನಿಮ್ಮದೋ, ಕಂಪನಿಯದೋ? ತಯಾರಕರ ಭದ್ರತಾ ಇಮೇಲ್ ಯಾರಿಗೆ ಬರುತ್ತದೆ, ಅವರು ರಜೆಯಲ್ಲಿದ್ದಾಗ ಅದನ್ನು ಯಾರು ಓದುತ್ತಾರೆ? ಕೊನೆಯ ಪ್ರಶ್ನೆಗೆ ಉತ್ತರವಾಗಿ ಒಂದು ಹೆಸರು ಸಿಗದಿದ್ದರೆ, ಆ ಕಚೇರಿಯ ಪ್ಯಾಚ್ ಸಮಯಕ್ಕೆ ಬರುವುದು ಅನುಮಾನವೇ.