ದೋಸೆ ಜಗಳಕ್ಕೆ ಶನಿವಾರದ ಮುಹೂರ್ತ

'ಅವಳಿಗೂ ಮಸಾಲೆ ದೋಸೆ ಅಂದ್ರೆ ಪ್ರಾಣ, ನನಗೂ ಪ್ರಾಣ. ಮುಂದೇನು ಸಾರ್?' ಅಂತ ಬಸವನಗುಡಿಯ ಓದುಗ ಮಿತ್ರರೊಬ್ಬರು ಕೇಳಿದ್ದಾರೆ. ಇಬ್ಬರದೂ ಒಂದೇ ಆಫೀಸು.

ಅಯ್ಯಾ ಮಹರಾಯ, ಬೆಂಗಳೂರಲ್ಲಿ ಮಸಾಲೆ ದೋಸೆ ಬೇಡ ಅನ್ನೋರು ಎಷ್ಟು ಜನ? ಇಷ್ಟಕ್ಕೇ 'ನಮ್ಮದು ಜನ್ಮಾಂತರದ ನಂಟು' ಅಂತ ಡೈಲಾಗ್ ಹೊಡೆದರೆ ಆಕೆ ಟಿಫನ್ ಡಬ್ಬಿ ಮುಚ್ಚಿಕೊಂಡು ಎದ್ದು ಹೋದಾಳು!

ನಿಜವಾದ ಮಾಲು ಇರೋದು ಪತ್ರದ ಕೊನೇ ಸಾಲಿನಲ್ಲಿ. ಆಕೆಗೆ ಮಲ್ಲೇಶ್ವರದ ಸಿ.ಟಿ.ಆರ್. ಬೆಣ್ಣೆ ದೋಸೆಯೇ ಶ್ರೇಷ್ಠ. ಇವರಿಗೆ ಗಾಂಧಿಬಜಾರಿನ ವಿದ್ಯಾರ್ಥಿ ಭವನ. ಊಟದ ಹೊತ್ತಿನಲ್ಲಿ ದಿನಾ ಇದೇ ಜಗಳವಂತೆ. ರುಚಿ ಒಂದೇ, ಪಕ್ಷ ಬೇರೆ. ಆಹ್ವಾನಕ್ಕೆ ಇದಕ್ಕಿಂತ ಒಳ್ಳೇ ನೆಪ ಬೇಕೇ?

ಮುಂದಿನ ಸಲ ಜಗಳ ಕಾವೇರಿದಾಗಲೇ, ನಗ್ತಾ ಹೇಳಿ: 'ರೀ, ಬರೀ ಬಾಯಲ್ಲಿ ತೀರ್ಪು ಬೇಡ. ಶನಿವಾರ ಸಂಜೆ ಐದಕ್ಕೆ ವಿದ್ಯಾರ್ಥಿ ಭವನದ ಬಾಗಿಲಲ್ಲಿ ಸಿಗೋಣ. ತಿಂದ ಮೇಲೂ ನಿಮ್ಮ ಮಲ್ಲೇಶ್ವರವೇ ಮೇಲು ಅಂದ್ರೆ ಬಿಲ್ಲು ನನ್ನದು, ಮುಂದಿನ ವಾರ ನಿಮ್ಮೂರಿಗೆ ನಾನೇ ಬರ್ತೀನಿ.'

ನೋಡಿ, ದಿನ, ಹೊತ್ತು, ಜಾಗ ಮೂರೂ ಬಂತು. 'ಯಾವಾಗಾದ್ರೂ ಕಾಫಿಗೆ ಹೋಗೋಣ' ಅಂದರೆ ಆ 'ಯಾವಾಗಾದ್ರೂ' ಬರೋದೇ ಇಲ್ಲ. ಹಗಲು ಹೊತ್ತು, ಜನ ತುಂಬಿದ ಹೋಟೆಲು, ಬೇಸರವಾದರೆ ಒಂದು ದೋಸೆಗೇ ಮುಗಿಸಿ ಎದ್ದು ಹೋಗಬಹುದು. ಹುಡುಗಿಗೆ ಈ ಧೈರ್ಯ ಮುಖ್ಯ. ಮೊದಲ ಸಲವೇ ಸೆಕೆಂಡ್ ಶೋಗೆ ಕರೆಯೋ ಶೂರರು ಇದನ್ನು ಎರಡು ಸಲ ಓದಿಕೊಳ್ಳಿ. ಕೀಟಲೆಯೆಲ್ಲ ದೋಸೆ ಮೇಲಿರಲಿ, ಆಕೆಯ ಮೈಮಾಟದ ಸುದ್ದಿ ಬೇಡ. ಹಾಂ, ಅಪ್ಪಿತಪ್ಪಿ ಶುಕ್ರವಾರ ಅಂದೀರಿ! ಅವತ್ತು ವಿದ್ಯಾರ್ಥಿ ಭವನಕ್ಕೆ ರಜೆ. 1943ರಿಂದ ನಡೀತಿರೋ ಹೋಟೆಲಿನ ಅಭಿಮಾನಿ ಅಂತ ಕೊಚ್ಚಿಕೊಂಡವರಿಗೆ ಅಷ್ಟೂ ಗೊತ್ತಿಲ್ಲವೇ ಅಂತ ಆಕೆ ಕಾಲೆಳೆಯೋದು ಖಾತ್ರಿ.

ಶನಿವಾರ ಜನಜಂಗುಳಿ, ಹೆಸರು ಬರೆಸಿ ಕಾಯಬೇಕು. ಅದೂ ಒಳ್ಳೇದೇ, ಮಾತಿಗೆ ಪುರಸೊತ್ತು. ತೋಳಿನ ಮೇಲೆ ತಟ್ಟೆಗಳ ಗೋಪುರ ಹೊತ್ತು ಬರೋ ಸರ್ವರ್ ಕಂಡರೆ ಮಾತೂ ತಾನಾಗೇ ಹುಟ್ಟುತ್ತೆ.

ಇನ್ನು ಉತ್ತರ. 'ಶನಿವಾರ ಆಗಲ್ಲ, ಭಾನುವಾರ ಬೆಳಿಗ್ಗೆ?' ಅಂದಳೋ, ಬರೋ ಮನಸ್ಸಿದೆ. 'ಈ ವಾರ ಕೆಲಸ ಜಾಸ್ತಿ' ಅಂತ ಹೇಳಿ ಬೇರೆ ದಿನದ ಮಾತೇ ಎತ್ತಲಿಲ್ಲವೋ, ಅದು ಬೇಡ ಅನ್ನೋದರ ಮರ್ಯಾದಸ್ಥ ರೂಪ. ಸಿನಿಮಾದಲ್ಲಿ ನಾಯಕ ಮೂರು ಹಾಡು ಬೆನ್ನು ಹತ್ತಿದರೆ ಆಕೆ ಒಪ್ತಾಳೆ, ಯಾಕಂದ್ರೆ ಸ್ಕ್ರಿಪ್ಟಿನಲ್ಲಿ ಹಾಗೆ ಬರೆದಿರುತ್ತೆ. ನೀವು ಮತ್ತೆ ಕೇಳಬೇಡಿ. 'ಸರಿ ಬಿಡ್ರಿ, ನಿಮ್ಮ ಬೆಣ್ಣೆ ದೋಸೆ ಬಚಾವಾಯ್ತು' ಅಂತ ನಕ್ಕು ಬಿಡಿ. ಸೋಮವಾರ ಆಕೆಯೇ ಜಗಳ ತೆಗೆದರೆ ಎಂದಿನಂತೆ ವಿದ್ಯಾರ್ಥಿ ಭವನದ ವಕಾಲತ್ತು ವಹಿಸಿ.